ಒರಟು ಇಳಿಜಾರಿನ ಮೇಲಿನ ಬ್ಲಾಕ್: ಘರ್ಷಣೆಯ ಬಾಣ ಕೊನೆಗಿರಲಿ

ಇಳಿಜಾರಿನ ಮೇಲೆ ಒಂದು ಬ್ಲಾಕ್ ಇದೆ ಎಂದು ಪ್ರಶ್ನೆ ಶುರುವಾಗುತ್ತಿದ್ದಂತೆ ಕೈ ತಾನಾಗಿಯೇ ಮೂರು ಬಾಣ ಎಳೆದುಬಿಡುತ್ತದೆ. ಕೆಳಕ್ಕೆ mg, ಇಳಿಜಾರಿಗೆ ನೇರ ಅಡ್ಡವಾಗಿ N, ಇಳಿಜಾರಿನ ಗುಂಟ ಮೇಲಕ್ಕೆ μN. ಮೊದಲ ಎರಡರಲ್ಲಿ ತಪ್ಪಿಲ್ಲ. ಮೂರನೆಯದು ಮಾತ್ರ ಪ್ರಶ್ನೆಯನ್ನು ಓದದೆ ಎಳೆದ ಬಾಣ. ಘರ್ಷಣೆ ಯಾವ ಕಡೆಗೆ, ಎಷ್ಟು ಎನ್ನುವುದು ಉಳಿದ ಬಲಗಳು ಬ್ಲಾಕನ್ನು ಎತ್ತ ಎಳೆಯುತ್ತಿವೆ ಎಂಬುದರ ಮೇಲೆ ನಿಂತಿದೆ. ಆ ಲೆಕ್ಕ ಮುಗಿಯುವ ಮೊದಲೇ ಘರ್ಷಣೆಯನ್ನು ಬರೆದರೆ ಉತ್ತರ ಅದೃಷ್ಟಕ್ಕೆ ಬಿಟ್ಟ ವಿಷಯ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಘರ್ಷಣೆಯ ಸರದಿ ಕೊನೆಯದು. ಒಂದೇ ಬ್ಲಾಕನ್ನು ಉದ್ದಕ್ಕೂ ಹಿಡಿದುಕೊಂಡು ಹೋಗೋಣ: ದ್ರವ್ಯರಾಶಿ 4 ಕೆ.ಜಿ., ಇಳಿಜಾರಿನ ಕೋನ θ = 30°, ಸ್ಥಾಯಿ ಘರ್ಷಣಾ ಗುಣಾಂಕ μs = 0.40, ಚಲನ ಘರ್ಷಣಾ ಗುಣಾಂಕ μk = 0.30, g = 9.8 m/s². ಬ್ಲಾಕಿಗೆ ಒಂದು ಹಗ್ಗ ಕಟ್ಟಿದೆ. ಹಗ್ಗ ಇಳಿಜಾರಿಗೆ ಸಮಾಂತರವಾಗಿ ಮೇಲಕ್ಕೆ ಎಳೆಯುತ್ತದೆ. ಎಳೆತ T ಎಷ್ಟಿರಬೇಕು ಎಂಬುದನ್ನು ನಾವೇ ಬದಲಾಯಿಸುತ್ತಾ ಹೋಗುತ್ತೇವೆ.

ಚಿತ್ರ ಬರೆಯುವಾಗ

ಮೊದಲು ಇಳಿಜಾರನ್ನು ಬರೆಯಿರಿ. ಲೆಕ್ಕದಲ್ಲಿ ಕೋನ ಎಷ್ಟೇ ಇರಲಿ, ಚಿತ್ರದಲ್ಲಿ ಅದು 20°–25°ಯಷ್ಟೇ ಇರಲಿ. 45°ಗೆ ಹತ್ತಿರದ ಚಿತ್ರದಲ್ಲಿ θ ಮತ್ತು 90° − θ ಒಂದೇ ಥರ ಕಾಣುತ್ತವೆ. ಯಾವ ಮೂಲೆಯಲ್ಲಿ θ ಬರೆಯಬೇಕೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ತಗ್ಗಾದ ಇಳಿಜಾರಿನಲ್ಲಿ ಸಣ್ಣ ಕೋನ ಸಣ್ಣದಾಗಿಯೇ ಕಾಣುತ್ತದೆ, ಹಾಗಾಗಿ sin ಮತ್ತು cos ಅದಲುಬದಲಾಗುವ ತಪ್ಪಿನಲ್ಲಿ ಅರ್ಧ ಇಲ್ಲೇ ನಿಂತುಹೋಗುತ್ತದೆ.

ಈಗ ಆ ಚಿತ್ರದ ಪಕ್ಕದಲ್ಲಿ, ಬೇರೆಯಾಗಿ, ಒಂದು ದಪ್ಪ ಚುಕ್ಕೆ ಇಡಿ. ಅದೇ ಬ್ಲಾಕ್. ಫ್ರೀ ಬಾಡಿ ಡಯಾಗ್ರಂ ಎಂದರೆ ಈ ಚುಕ್ಕೆಯ ಚಿತ್ರವೇ ಹೊರತು ಇಳಿಜಾರಿನ ಚಿತ್ರವಲ್ಲ. ಬ್ಲಾಕನ್ನು ಸುತ್ತಮುತ್ತಲಿನಿಂದ ಬಿಡಿಸಿ ಒಂಟಿಯಾಗಿ ನಿಲ್ಲಿಸಿದ್ದೇವೆ; ಅದನ್ನು ಮುಟ್ಟಿಕೊಂಡಿದ್ದ ಪ್ರತಿಯೊಂದು ವಸ್ತುವಿನ ಜಾಗದಲ್ಲಿ ಆ ವಸ್ತು ಕೊಡುತ್ತಿದ್ದ ಬಲದ ಬಾಣ ಬರಬೇಕು. ಇಳಿಜಾರಿನ ಗೆರೆಯನ್ನು ತೀರಾ ಬೇಕಿದ್ದರೆ ಚುಕ್ಕೆಯ ಮೂಲಕ ತೆಳುವಾದ ಚುಕ್ಕಿಗೆರೆಯಾಗಿ ಎಳೆದುಕೊಳ್ಳಿ, ದಿಕ್ಕು ಮರೆಯದಿರಲಿ ಎಂದು.

ಬಾಣ ಎಷ್ಟು ಎಂದು ತಿಳಿಯಲು ಒಂದೇ ಪ್ರಶ್ನೆ ಕೇಳಿ: ಬ್ಲಾಕನ್ನು ಯಾವುದು ಮುಟ್ಟುತ್ತಿದೆ? ನಮ್ಮ ಬ್ಲಾಕನ್ನು ಮುಟ್ಟುತ್ತಿರುವುದು ಎರಡೇ, ಹಗ್ಗ ಮತ್ತು ಇಳಿಜಾರು. ಮುಟ್ಟದೆಯೇ ಎಳೆಯುವುದು ಒಂದು, ಭೂಮಿ. ಹಗ್ಗಕ್ಕೆ T, ಭೂಮಿಗೆ mg. ಇಳಿಜಾರಿನ ಮೇಲ್ಮೈ ಕೊಡುವ ಬಲ ನಿಜಕ್ಕೂ ಒಂದೇ ಆದರೂ ಅನುಕೂಲಕ್ಕಾಗಿ ನಾವು ಅದನ್ನು ಎರಡಾಗಿ ಬರೆಯುತ್ತೇವೆ: ಮೇಲ್ಮೈಗೆ ನೇರ ಅಡ್ಡಲಾಗಿರುವ ಭಾಗ N, ಮೇಲ್ಮೈಯ ಗುಂಟ ಇರುವ ಭಾಗ ಘರ್ಷಣೆ f. ಒಟ್ಟು ನಾಲ್ಕು. ಐದನೆಯ ಬಾಣ ಬಂದರೆ, ಅದನ್ನು ಕೊಡುತ್ತಿರುವ ವಸ್ತು ಯಾವುದು ಎಂದು ಕೇಳಿ. ಹೆಸರು ಹೇಳಲಾಗದಿದ್ದರೆ ಅಳಿಸಿ.

ಹಾಗೆ ಅಳಿಸಬೇಕಾಗಿ ಬರುವ ಬಾಣಗಳು ಬಹುತೇಕ ಎರಡೇ ಬಗೆ. ಬ್ಲಾಕ್ ಕೆಳಗೆ ಜಾರುತ್ತಿದೆ ಎಂದ ಕೂಡಲೇ ಕೆಳಮುಖವಾಗಿ ಎಳೆಯುವ 'ಚಲನೆಯ ಬಲ' ಒಂದು. ಅಂಥ ಬಲ ಇಲ್ಲ. ಕೆಳಗೆ ಎಳೆಯುತ್ತಿರುವುದು ತೂಕದ ಒಂದು ಭಾಗ, ಅದು ಆಗಲೇ mg ಒಳಗಿದೆ. ಇನ್ನೊಂದು ma. ಅದು ಎಲ್ಲ ಬಲಗಳನ್ನು ಕೂಡಿದ ಮೇಲೆ ಬರುವ ಮೊತ್ತ, ಕೂಡಬೇಕಾದ ಇನ್ನೊಂದು ಬಲವಲ್ಲ. ವೇಗೋತ್ಕರ್ಷದ ದಿಕ್ಕು ತೋರಿಸಲೇಬೇಕಿದ್ದರೆ ಚುಕ್ಕೆಯಿಂದ ದೂರದಲ್ಲಿ, ಬೇರೆ ಬಣ್ಣದಲ್ಲಿ ಬರೆಯಿರಿ.

N ಬಗ್ಗೆ ಒಂದು ಮಾತು. ಕನ್ನಡ ಪುಸ್ತಕಗಳಲ್ಲಿ ಇದನ್ನು ಲಂಬ ಬಲ ಎನ್ನುವುದುಂಟು. 'ಲಂಬ' ಎಂದರೆ ನೆಟ್ಟಗೆ ಮೇಲಕ್ಕೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿರುವುದರಿಂದ N ಬಾಣವನ್ನು ಆಕಾಶದ ಕಡೆಗೆ ಎಳೆಯುವವರು ಬೇಕಾದಷ್ಟು ಮಂದಿ. ಹಾಗೆ ಎಳೆದರೆ ಅದು mgಗೆ ನೇರ ಎದುರಾಗಿ, N = mg ಎಂದು ಬರೆಯುವ ಆಸೆಯೂ ಹಿಂದೆಯೇ ಬರುತ್ತದೆ. ಇಲ್ಲಿ ಲಂಬ ಎಂದರೆ ಮೇಲ್ಮೈಗೆ ಲಂಬ. ಇಳಿಜಾರು ಎಷ್ಟು ಓರೆಯೋ N ಕೂಡ ನೆಟ್ಟನೆಯ ಗೆರೆಯಿಂದ ಅಷ್ಟೇ ಓರೆ. ಗೊಂದಲ ತಪ್ಪಿಸಲು ಈ ಲೇಖನದಲ್ಲಿ ನಾರ್ಮಲ್ ಬಲ ಎಂದೇ ಕರೆಯುತ್ತೇನೆ.

ಇಷ್ಟಾದ ಮೇಲೆ mg, N, T ಮೂರನ್ನು ಮಾತ್ರ ಎಳೆಯಿರಿ. f ಇನ್ನೂ ಬೇಡ.

ಅಕ್ಷ ಮತ್ತು ವಿಭಜನೆ

x ಅಕ್ಷವನ್ನು ಇಳಿಜಾರಿನ ಗುಂಟ, y ಅಕ್ಷವನ್ನು ಅದಕ್ಕೆ ಅಡ್ಡಲಾಗಿ ಇಟ್ಟುಕೊಳ್ಳಿ. ಮೇಲ್ಮುಖವನ್ನು x ಧನ ದಿಕ್ಕು ಎನ್ನೋಣ. ಹೀಗೆ ಓರೆಯಾಗಿ ಇಡುವುದರ ಲಾಭ ಸರಳ. N, f, T ಮೂರೂ ಆಗಲೇ ಯಾವುದಾದರೊಂದು ಅಕ್ಷದ ಮೇಲೆ ಕೂತಿವೆ. ವೇಗೋತ್ಕರ್ಷ ಇದ್ದರೆ ಅದೂ x ಗುಂಟವೇ. ಒಡೆಯಬೇಕಾದದ್ದು mg ಒಂದೇ. ಅಕ್ಷಗಳನ್ನು ನೆಲಕ್ಕೆ ಸಮವಾಗಿ ಇಟ್ಟರೂ ಉತ್ತರ ಅದೇ ಬರುತ್ತದೆ, ಆದರೆ ಒಂದರ ಬದಲು ಮೂರು ಬಲಗಳನ್ನು ಒಡೆಯಬೇಕಾಗುತ್ತದೆ.

ಈಗ mg ಒಡೆಯಿರಿ. ನೆಲದ ಗೆರೆ ಮತ್ತು ಇಳಿಜಾರಿನ ನಡುವೆ θ ಇದೆ. ನೆಲದ ಗೆರೆಯನ್ನು 90° ತಿರುಗಿಸಿದರೆ mg ಇರುವ ನೆಟ್ಟನೆಯ ಗೆರೆ ಸಿಗುತ್ತದೆ. ಇಳಿಜಾರಿನ ಗೆರೆಯನ್ನು 90° ತಿರುಗಿಸಿದರೆ N ಇರುವ y ಅಕ್ಷ ಸಿಗುತ್ತದೆ. ಎರಡನ್ನೂ ಅಷ್ಟಷ್ಟೇ ತಿರುಗಿಸಿದ್ದರಿಂದ ಅವುಗಳ ನಡುವಿನ ಕೋನ ಬದಲಾಗಿಲ್ಲ. ಅಂದರೆ mg ಮತ್ತು y ಅಕ್ಷದ ನಡುವೆಯೂ θ. ಕೋನಕ್ಕೆ ಅಂಟಿಕೊಂಡ ಬದಿಗೆ cos, ಎದುರಿನ ಬದಿಗೆ sin. ಹಾಗಾಗಿ ಇಳಿಜಾರಿನೊಳಕ್ಕೆ ಒತ್ತುವ ಘಟಕ mg cosθ, ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುವ ಘಟಕ mg sinθ.

ಸಂಶಯವಾದರೆ ಇಳಿಜಾರನ್ನು ಮನಸ್ಸಿನಲ್ಲೇ ಮಲಗಿಸಿ. θ = 0 ಆದಾಗ ಬ್ಲಾಕನ್ನು ಪಕ್ಕಕ್ಕೆ ಎಳೆಯುವುದು ಏನೂ ಇರಬಾರದು, sin 0 = 0 ಸರಿಹೊಂದುತ್ತದೆ. ಅದೇ ಜಾಗದಲ್ಲಿ cos ಬರೆದಿದ್ದರೆ ಸಮತಟ್ಟಾದ ಮೇಜಿನ ಮೇಲೆ ಇಟ್ಟ ಬ್ಲಾಕ್ ಪೂರ್ತಿ ತೂಕದ ಬಲದಿಂದ ಪಕ್ಕಕ್ಕೆ ಓಡಬೇಕಾಗುತ್ತದೆ. ಎರಡು ಸೆಕೆಂಡಿನ ಈ ಪರೀಕ್ಷೆ ಯಾವ ಕಂಠಪಾಠಕ್ಕಿಂತಲೂ ಮೇಲು. ಏಕೆಂದರೆ 'ಗುಂಟ ಇರುವುದು sin' ಎಂದು ಬಾಯಿಪಾಠ ಮಾಡಿದವರು ಅಡ್ಡ ತಳ್ಳುವಿಕೆ ಬಂದಾಗ ಸಿಕ್ಕಿಬೀಳುತ್ತಾರೆ. ಅದನ್ನು ಮುಂದೆ ನೋಡೋಣ.

ಘಟಕಗಳನ್ನು ಬರೆದ ತಕ್ಷಣ ಮೂಲ mg ಬಾಣದ ಮೇಲೆ ಅಡ್ಡ ಅಲೆಗೆರೆ ಹಾಕಿಬಿಡಿ, ಅಥವಾ ಘಟಕಗಳನ್ನು ಚುಕ್ಕಿಗೆರೆಯಲ್ಲಿ ಎಳೆಯಿರಿ. mg ಮತ್ತು ಅದರ ಎರಡು ಘಟಕಗಳು ಒಂದೇ ಚಿತ್ರದಲ್ಲಿ ಒಂದೇ ಥರ ಕಂಡರೆ ತೂಕವನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡಂತೆ.

ನಮ್ಮ ಬ್ಲಾಕಿಗೆ ಸಂಖ್ಯೆಗಳು ಇವು:

mg = 4 × 9.8 = 39.2 N
mg sin30° = 19.6 N
mg cos30° = 33.9 N

ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಉಳಿದುಬಿಟ್ಟಿದ್ದರೆ sin 30 ಎಂಬುದಕ್ಕೆ −0.988 ಬರುತ್ತದೆ. ತೂಕದ ಘಟಕ ಋಣ ಸಂಖ್ಯೆಯಾಗಿ ಬಂತೆಂದು ಚಿಹ್ನೆ ತಿದ್ದಲು ಹೋಗಬೇಡಿ, ಮೋಡ್ ತಿದ್ದಿ. ಎಲ್ಲ ಕೋನಗಳಿಗೂ ಹೀಗೆ ಋಣ ಚಿಹ್ನೆ ಬಂದು ಎಚ್ಚರಿಸುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಮೊದಲೇ sin 30 ಒತ್ತಿ 0.5 ಬರುತ್ತದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಮೊದಲು y, ಆಮೇಲೆ ಘರ್ಷಣೆಯ ಮಿತಿ

ಬ್ಲಾಕ್ ಇಳಿಜಾರಿನಿಂದ ಮೇಲೇಳುವುದೂ ಇಲ್ಲ, ಅದರೊಳಗೆ ಹೂತುಹೋಗುವುದೂ ಇಲ್ಲ. ಹಾಗಾಗಿ y ದಿಕ್ಕಿನ ಬಲಗಳ ಮೊತ್ತ ಸೊನ್ನೆ. ಬ್ಲಾಕ್ ಜಾರುತ್ತಿದ್ದರೂ ಇದು ನಿಜ. ಹಗ್ಗ ಇಳಿಜಾರಿಗೆ ಸಮಾಂತರವಾಗಿರುವುದರಿಂದ y ದಿಕ್ಕಿನಲ್ಲಿ ಅದರ ಪಾಲಿಲ್ಲ:

N − mg cosθ = 0, ಆದ್ದರಿಂದ N = 33.9 N

ಈ ಸಮೀಕರಣವನ್ನು ಪ್ರತಿ ಸಲವೂ ಬರೆಯಿರಿ. N = mg cosθ ಎನ್ನುವುದು ಸೂತ್ರವಲ್ಲ, ಈ ಒಂದು ಚಿತ್ರದ ಫಲ. ಚಿತ್ರ ಬದಲಾದರೆ ಅದೂ ಬದಲಾಗುತ್ತದೆ.

N ಸಿಕ್ಕಿತು ಎಂದರೆ ಸ್ಥಾಯಿ ಘರ್ಷಣೆ ಎಷ್ಟರವರೆಗೆ ತಡೆಯಬಲ್ಲದು ಎಂಬುದೂ ಸಿಕ್ಕಿತು: μs N = 0.40 × 33.9 = 13.6 N. ಇದು ಘರ್ಷಣೆಯ ಬೆಲೆಯಲ್ಲ, ಅದರ ಗರಿಷ್ಠ ಮಿತಿ. ಬ್ಲಾಕ್ ನಿಂತಿರುವವರೆಗೆ ಘರ್ಷಣೆ ತನಗೆ ಬೇಕಾದಷ್ಟೇ ಬಲ ಕೊಡುತ್ತದೆ, ಸೊನ್ನೆಯಿಂದ 13.6 N ತನಕ ಎಷ್ಟಾದರೂ, ಮೇಲಕ್ಕಾದರೂ ಕೆಳಕ್ಕಾದರೂ. f = μN ಎಂಬ ಸಮಚಿಹ್ನೆ ಹೊಂದುವುದು ಎರಡೇ ಸಂದರ್ಭದಲ್ಲಿ: ಬ್ಲಾಕ್ ಇನ್ನೇನು ಜಾರಬೇಕು ಎನ್ನುವ ಅಂಚಿನಲ್ಲಿ μs ಜೊತೆ, ಜಾರುತ್ತಿರುವಾಗ μk ಜೊತೆ. 'ಇನ್ನೇನು ಜಾರಲಿದೆ', 'ಜಾರದಂತೆ ಬೇಕಾದ ಕನಿಷ್ಠ ಬಲ' ಇಂಥ ಮಾತು ಪ್ರಶ್ನೆಯಲ್ಲಿದ್ದರೆ ಅಂಚಿನ ಸ್ಥಿತಿ ಎಂದು ತಿಳಿಯಿರಿ. ಅಂಥ ಮಾತಿಲ್ಲದೆ ಬ್ಲಾಕ್ ನಿಂತಿದೆ ಎಂದಷ್ಟೇ ಇದ್ದರೆ μs N ಬರೆಯಲು ಅಧಿಕಾರವಿಲ್ಲ.

ಈಗ ಘರ್ಷಣೆಯ ಬಾಣ

ವಿಧಾನ ಇದು. ಘರ್ಷಣೆ ಇಲ್ಲವೇ ಇಲ್ಲ ಎಂದುಕೊಂಡು x ದಿಕ್ಕಿನ ಉಳಿದ ಬಲಗಳನ್ನು ಕೂಡಿ. ಮೊತ್ತ ಯಾವ ಕಡೆಗೆ ಬರುತ್ತದೋ ಆ ಕಡೆಗೆ ಬ್ಲಾಕ್ ಜಾರಲು ನೋಡುತ್ತದೆ. ಘರ್ಷಣೆಯ ಬಾಣ ಅದಕ್ಕೆ ಎದುರು. ಮೊತ್ತದ ಗಾತ್ರ ಮಿತಿಯೊಳಗಿದ್ದರೆ ಘರ್ಷಣೆ ಅಷ್ಟೇ, ಬ್ಲಾಕ್ ನಿಂತೇ ಇರುತ್ತದೆ. ಮಿತಿ ಮೀರಿದರೆ ಬ್ಲಾಕ್ ಜಾರುತ್ತದೆ, ಆಗ ಘರ್ಷಣೆ μk N.

ಹಗ್ಗದಲ್ಲಿ ಎಳೆತವೇ ಇಲ್ಲ ಎಂದಿಟ್ಟುಕೊಳ್ಳಿ, T = 0. ಘರ್ಷಣೆ ಬಿಟ್ಟರೆ ಉಳಿಯುವುದು ಕೆಳಮುಖ 19.6 N. ಮಿತಿ 13.6 N ಮಾತ್ರ. ತಡೆಯಲಾಗದು, ಜಾರುತ್ತದೆ. ಜಾರಿದ ಮೇಲೆ ಘರ್ಷಣೆ 0.30 × 33.9 = 10.2 N ಮೇಲ್ಮುಖ, ವೇಗೋತ್ಕರ್ಷ (19.6 − 10.2)/4 = 2.35 m/s² ಕೆಳಮುಖ. ಇಲ್ಲಿ 13.6 ಅನ್ನು ಲೆಕ್ಕಕ್ಕೆ ಹಾಕುವುದು ತಪ್ಪು; ಅದರ ಕೆಲಸ ಜಾರುತ್ತದೋ ಇಲ್ಲವೋ ಎಂದು ತೀರ್ಮಾನಿಸುವಲ್ಲಿಗೇ ಮುಗಿಯಿತು.

ಈಗ ಹಗ್ಗ ಎಳೆದು T = 15 N ಮಾಡಿ ಬ್ಲಾಕನ್ನು ನಿಶ್ಚಲವಾಗಿ ಬಿಡಿ. ಘರ್ಷಣೆ ಇಲ್ಲದಿದ್ದರೆ ಮೊತ್ತ 19.6 − 15 = 4.6 N ಕೆಳಮುಖ. ಮಿತಿಯೊಳಗಿದೆ. ಘರ್ಷಣೆ 4.6 N, ಮೇಲ್ಮುಖ. 13.6 ಅಲ್ಲ. 13.6 ಎಂದು ಬರೆದರೆ ಬ್ಲಾಕ್ ತಾನಾಗಿಯೇ ಇಳಿಜಾರನ್ನು ಹತ್ತಬೇಕಾಗುತ್ತದೆ. ಘರ್ಷಣೆ ಯಾವ ವಸ್ತುವನ್ನೂ ಹೀಗೆ ಎಬ್ಬಿಸಿ ಓಡಿಸುವುದಿಲ್ಲ.

T = 19.6 N ಮಾಡಿದರೆ ಘರ್ಷಣೆ ಸೊನ್ನೆ. ಮೇಲ್ಮೈ ಒರಟೇ, μs 0.40 ಇದ್ದೇ ಇದೆ, ಆದರೂ ಘರ್ಷಣೆಗೆ ಮಾಡಲು ಕೆಲಸವಿಲ್ಲ. ಈ ಒಂದು ಚಿತ್ರದಲ್ಲಿ ಘರ್ಷಣೆಯ ಬಾಣವನ್ನೇ ಬಿಡಬೇಕು.

T = 25 N ಆದಾಗ ಮೊತ್ತ 5.4 N ಮೇಲ್ಮುಖ. ಬ್ಲಾಕ್ ಈಗ ಮೇಲಕ್ಕೆ ಹೋಗಲು ನೋಡುತ್ತಿದೆ, ಘರ್ಷಣೆ 5.4 N ಕೆಳಮುಖ. ಬ್ಲಾಕ್ ಅಲುಗಿಲ್ಲ, ಇಳಿಜಾರು ಬದಲಾಗಿಲ್ಲ, ಬಾಣ ಮಾತ್ರ ತಿರುಗಿಬಿದ್ದಿದೆ. ಇಳಿಜಾರು ಎಂದ ಕೂಡಲೇ ಮೇಲ್ಮುಖ ಬಾಣ ಎಳೆಯುವ ಅಭ್ಯಾಸಕ್ಕೆ ಪೆಟ್ಟು ಬೀಳುವುದು ಇಲ್ಲೇ.

ಎರಡೂ ಅಂಚುಗಳು ಈಗ ಸುಲಭ. ಕೆಳಗೆ ಜಾರದಂತೆ ಹಿಡಿಯಲು ಬೇಕಾದ ಕನಿಷ್ಠ ಎಳೆತ 19.6 − 13.6 = 6.0 N. ಮೇಲಕ್ಕೆ ಹೊರಡಿಸಲು ದಾಟಬೇಕಾದ ಎಳೆತ 19.6 + 13.6 = 33.2 N. ಇವೆರಡರ ನಡುವೆ T ಎಷ್ಟೇ ಇರಲಿ, ನಿಲ್ಲಿಸಿ ಬಿಟ್ಟ ಬ್ಲಾಕ್ ನಿಂತೇ ಇರುತ್ತದೆ. T = 36 N ಎಂದು ಎಳೆದರೆ ಮೇಲಿನ ಅಂಚು ದಾಟಿತು; ಘರ್ಷಣೆ 10.2 N ಕೆಳಮುಖ, ವೇಗೋತ್ಕರ್ಷ (36 − 19.6 − 10.2)/4 = 1.55 m/s² ಮೇಲ್ಮುಖ.

ದಿಕ್ಕನ್ನು ತಪ್ಪಾಗಿ ಊಹಿಸಿದರೂ ಚಿಹ್ನೆಯೇ ಸರಿಪಡಿಸುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅರ್ಧ ಮಾತ್ರ ನಿಜ. ಬ್ಲಾಕ್ ನಿಂತಿರುವಾಗ f ಒಂದು ಅಜ್ಞಾತ ಸಂಖ್ಯೆ. T = 25 N ಇರುವಾಗ ಘರ್ಷಣೆ ಮೇಲ್ಮುಖ ಎಂದು ತಪ್ಪಾಗಿ ಬರೆದರೆ 25 + f − 19.6 = 0, ಅಂದರೆ f = −5.4 N. ಋಣ ಚಿಹ್ನೆ ಬಂದು ಬಾಣವನ್ನು ತಿರುಗಿಸಿ ಎಂದು ಹೇಳುತ್ತದೆ. ಆದರೆ ಜಾರುತ್ತಿರುವಾಗ ಘರ್ಷಣೆಯ ಗಾತ್ರವನ್ನು ನೀವೇ μk N ಎಂದು ಕೈಯಾರೆ ತುಂಬಿರುತ್ತೀರಿ, ಅದು ಅಜ್ಞಾತವಲ್ಲ. T = 36 N ಲೆಕ್ಕದಲ್ಲಿ ಘರ್ಷಣೆಯನ್ನು ಮೇಲ್ಮುಖ ಎಂದಿಟ್ಟು ನೋಡಿ: (36 + 10.2 − 19.6)/4 = 6.65 m/s². ಋಣ ಚಿಹ್ನೆ ಇಲ್ಲ, ಏಕಮಾನ ಸರಿ, ನೋಡಲು ಅಚ್ಚುಕಟ್ಟು, ಉತ್ತರ ಮಾತ್ರ ನಾಲ್ಕು ಪಟ್ಟಿಗೂ ಹೆಚ್ಚು. ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಆದ್ದರಿಂದ ಜಾರುವ ಬ್ಲಾಕಿನಲ್ಲಿ ದಿಕ್ಕನ್ನು ಊಹೆಗೆ ಬಿಡಬಾರದು, ಚಲನೆಯ ದಿಕ್ಕು ನೋಡಿಯೇ ಬಾಣ ಎಳೆಯಬೇಕು.

ಅಡ್ಡಲಾಗಿ ತಳ್ಳಿದಾಗ

ಹಗ್ಗ ಬಿಚ್ಚಿ, ಬ್ಲಾಕನ್ನು ನೆಲಕ್ಕೆ ಸಮಾಂತರವಾಗಿ ಇಳಿಜಾರಿನ ಕಡೆಗೆ P = 20 N ಬಲದಿಂದ ತಳ್ಳಿ. ಈಗ ಒಡೆಯಬೇಕಾದ ಬಲ ಎರಡು. P ನೆಲಕ್ಕೆ ಸಮಾಂತರ, ಇಳಿಜಾರು ನೆಲದಿಂದ θ ಓರೆ; ಹಾಗಾಗಿ P ಮತ್ತು x ಅಕ್ಷದ ನಡುವೆಯೇ θ ಇದೆ. ಇಳಿಜಾರಿನ ಗುಂಟ ಮೇಲಕ್ಕೆ P cosθ, ಇಳಿಜಾರಿನೊಳಕ್ಕೆ P sinθ. ತೂಕದ ವಿಷಯದಲ್ಲಿ ಗುಂಟ sin ಬಂದಿತ್ತು, ಇಲ್ಲಿ ಗುಂಟ cos. ಬಾಯಿಪಾಠದವರು ಎಡವುವ ಜಾಗ ಇದು. ಇಲ್ಲೂ ಇಳಿಜಾರನ್ನು ಮಲಗಿಸಿ ನೋಡಿ: θ = 0 ಆದಾಗ ತಳ್ಳಿದ್ದೆಲ್ಲ ಪೂರ್ತಿಯಾಗಿ ಮೇಲ್ಮೈಯ ಗುಂಟವೇ ಹೋಗಬೇಕು, cos 0 = 1 ಒಪ್ಪುತ್ತದೆ.

y ದಿಕ್ಕಿನಲ್ಲಿ ಈಗ ಒಳಕ್ಕೆ ಒತ್ತುವುದು ಎರಡು:

N = mg cosθ + P sinθ = 33.9 + 10 = 43.9 N

ಘರ್ಷಣೆಯ ಮಿತಿ 0.40 × 43.9 = 17.6 N ಆಯಿತು. ಮುಂಚಿನ 13.6 ಇನ್ನು ಸಲ್ಲದು. ಗುಂಟ ದಿಕ್ಕಿನಲ್ಲಿ P cos30° = 17.3 N ಮೇಲಕ್ಕೆ, 19.6 N ಕೆಳಕ್ಕೆ, ಉಳಿಕೆ 2.3 N ಕೆಳಮುಖ. ಘರ್ಷಣೆ 2.3 N ಮೇಲ್ಮುಖ, ಬ್ಲಾಕ್ ನಿಂತಿದೆ.

ಎಷ್ಟು ತಳ್ಳಿದರೆ ಮೇಲಕ್ಕೆ ಹೊರಡುತ್ತದೆ? ಅಂಚಿನಲ್ಲಿ ಘರ್ಷಣೆ ಕೆಳಮುಖವಾಗಿ μs N, ಆದರೆ N ಒಳಗೇ P ಇದೆ. ಅದನ್ನು ಮರೆತು 13.6 ಬಳಸಿದರೆ P = 33.2/0.866 = 38.3 N ಎಂದು ಬರುತ್ತದೆ, ಅದು ಸಾಲದು. ಸರಿಯಾಗಿ ಬರೆದರೆ:

P cosθ − mg sinθ − μs (mg cosθ + P sinθ) = 0
P = 33.2/(0.866 − 0.40 × 0.5) = 49.8 N

ಹೆಚ್ಚು ತಳ್ಳಿದಷ್ಟೂ ಬ್ಲಾಕ್ ಇಳಿಜಾರಿಗೆ ಹೆಚ್ಚು ಒತ್ತಿಕೊಳ್ಳುತ್ತದೆ, ಘರ್ಷಣೆಯ ಮಿತಿಯೂ ಜೊತೆಗೇ ಏರುತ್ತದೆ. ಛೇದದಲ್ಲಿರುವ cosθ − μs sinθ ಸೊನ್ನೆಯಾದರೆ ಎಷ್ಟು ತಳ್ಳಿದರೂ ಬ್ಲಾಕ್ ಮೇಲೇರದು, ಕಚ್ಚಿಕೊಂಡು ನಿಲ್ಲುತ್ತದೆ. 30°ಯಲ್ಲಿ ಅದಕ್ಕೆ μs 1.73 ಬೇಕು, ಆದರೆ 60° ಇಳಿಜಾರಿನಲ್ಲಿ 0.58 ಸಾಕು. ಲೆಕ್ಕದಲ್ಲಿ P ಋಣ ಸಂಖ್ಯೆಯಾಗಿ ಬಂದರೆ ಕೂಡಲೇ ತಪ್ಪು ಹುಡುಕಬೇಡಿ. ಮೊದಲು ಛೇದ ನೋಡಿ. ಅದು ಋಣವಾಗಿದ್ದರೆ ಉತ್ತರ 'ತಳ್ಳಿ ಹತ್ತಿಸಲಾಗದು' ಎಂದೇ.

ಮೇಲಕ್ಕೆ ಚಿಮ್ಮಿಸಿ ಬಿಟ್ಟರೆ

ಹಗ್ಗವೂ ಇಲ್ಲ, ತಳ್ಳುವಿಕೆಯೂ ಇಲ್ಲ. ಬ್ಲಾಕಿಗೆ 6 m/s ವೇಗ ಕೊಟ್ಟು ಇಳಿಜಾರಿನ ಗುಂಟ ಮೇಲಕ್ಕೆ ಬಿಟ್ಟಿದ್ದೀರಿ. ಇಲ್ಲಿ ಒಂದು ಚಿತ್ರ ಸಾಲದು, ಎರಡು ಬೇಕು.

ಹತ್ತುವಾಗ ಮೇಲ್ಮುಖವಾಗಿ ಒಂದೂ ಬಲವಿಲ್ಲ. ಹಾಗೆಂದು ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ, 'ಕೊಟ್ಟ ಬಲ' ಎಂದು ಒಂದು ಬಾಣ ಸೇರಿಸಬೇಕೆನಿಸುತ್ತದೆ. ಕೈ ಬಿಟ್ಟ ಮೇಲೆ ಬ್ಲಾಕನ್ನು ಆ ಕೈ ಮುಟ್ಟುತ್ತಿಲ್ಲ, ಬಾಣವಿಲ್ಲ. ಚಲನೆ ಮೇಲಕ್ಕೆ, ಆದ್ದರಿಂದ ಘರ್ಷಣೆ ಕೆಳಕ್ಕೆ, ತೂಕದ ಘಟಕವೂ ಕೆಳಕ್ಕೆ. ಎರಡೂ ಸೇರಿ 19.6 + 10.2 = 29.8 N, ವೇಗೋತ್ಕರ್ಷ 7.45 m/s² ಕೆಳಮುಖ. ಬ್ಲಾಕ್ ನಿಲ್ಲುವ ದೂರ 36/(2 × 7.45) = 2.42 ಮೀಟರ್.

ತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆ. ಇಲ್ಲಿ ತಡೆದು ಸ್ಥಾಯಿ ಘರ್ಷಣೆಯ ಪರೀಕ್ಷೆಯನ್ನು ಮತ್ತೆ ಮಾಡಬೇಕು. 19.6 N ತಡೆಯಲು 13.6 N ಸಾಲದು, ಹಾಗಾಗಿ ಬ್ಲಾಕ್ ಹಿಂದಕ್ಕೆ ಜಾರುತ್ತದೆ. ಎರಡನೇ ಚಿತ್ರದಲ್ಲಿ ಘರ್ಷಣೆ ಮೇಲ್ಮುಖ, ವೇಗೋತ್ಕರ್ಷ ಮುಂಚಿನ 2.35 m/s². ಹೊರಟ ಜಾಗಕ್ಕೆ ಮರಳಿದಾಗ ವೇಗ √(2 × 2.35 × 2.42) = 3.37 m/s. ಹೊರಟಾಗ 6 ಇತ್ತು. ಹೋಗಿ ಬಂದ ಬ್ಲಾಕ್ ಹೊರಟ ವೇಗದಲ್ಲೇ ಮರಳಿದೆ ಎಂದು ನಿಮ್ಮ ಲೆಕ್ಕ ಹೇಳಿದರೆ ಘರ್ಷಣೆಯ ಬಾಣವನ್ನು ತಿರುಗಿಸಲು ಮರೆತಿದ್ದೀರಿ ಎಂದರ್ಥ.

ಇದೇ ಬ್ಲಾಕನ್ನು 15° ಇಳಿಜಾರಿನಲ್ಲಿ ಚಿಮ್ಮಿಸಿದ್ದರೆ? ಅಲ್ಲಿ mg sinθ 10.1 N, mg cosθ 37.9 N, ಮಿತಿ 15.1 N. ಹತ್ತುವಾಗ ಘರ್ಷಣೆ 11.4 N ಕೆಳಮುಖ. ನಿಂತ ಕ್ಷಣದಲ್ಲಿ ಅದು 10.1 N ಮೇಲ್ಮುಖವಾಗಿ ತಿರುಗುತ್ತದೆ, ಬ್ಲಾಕ್ ಅಲ್ಲೇ ಉಳಿಯುತ್ತದೆ. ಮರಳಿ ಬರಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಮಾಡುತ್ತಾ ಕೂತರೆ ಬಾರದ ಬ್ಲಾಕಿಗಾಗಿ ಕಾದಂತೆ.

μs ಅಳೆಯುವುದು

ಗುಣಾಂಕ ಕೊಟ್ಟಿಲ್ಲದಿದ್ದರೆ ಇದೇ ಚಿತ್ರದಿಂದ ಅದನ್ನು ಪಡೆಯಬಹುದು. ಹಲಗೆಯ ಮೇಲೆ ಬ್ಲಾಕ್ ಇಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಜಾರುವ ಅಂಚಿನಲ್ಲಿ mg sinθ = μs mg cosθ, ಅಂದರೆ μs = tanθ. ದ್ರವ್ಯರಾಶಿಯೂ g ಕೂಡ ಹೊರಟುಹೋದವು, ತಕ್ಕಡಿ ಬೇಡ. ಕೋನಮಾಪಕವೂ ಬೇಡ: ಎತ್ತಿದ ತುದಿಯ ಎತ್ತರ 20 ಸೆಂ.ಮೀ., ಅದರ ನೇರ ಕೆಳಗಿನ ಬಿಂದುವಿನಿಂದ ಹಲಗೆಯ ಕೆಳತುದಿಗೆ ನೆಲದ ಮೇಲಿನ ದೂರ 50 ಸೆಂ.ಮೀ. ಇದ್ದರೆ μs = 0.40. ಭಾಗಿಸಬೇಕಾದದ್ದು ನೆಲದ ಮೇಲಿನ ದೂರದಿಂದ. ಹಲಗೆಯ ಉದ್ದದಿಂದ ಭಾಗಿಸಿದರೆ ಬರುವುದು sin, ಉತ್ತರ ಕಡಿಮೆಯಾಗುತ್ತದೆ. ಎತ್ತುವಾಗ ಹಲಗೆ ಕಂಪಿಸಿದರೆ ಬ್ಲಾಕ್ ಮುಂಚೆಯೇ ಜಾರಿಬಿಡುತ್ತದೆ, ಆದ್ದರಿಂದ ಐದಾರು ಸಲ ಮಾಡಿ ನೋಡಿ; ಪ್ರತಿ ಸಲವೂ ಬ್ಲಾಕಿನ ಅದೇ ಮುಖ, ಹಲಗೆಯ ಅದೇ ಜಾಗ ಇರಲಿ. ಸಣ್ಣಗೆ ತಟ್ಟಿ ಜಾರಿಸಿದಾಗ ಯಾವ ಕೋನದಲ್ಲಿ ಬ್ಲಾಕ್ ವೇಗ ಏರದೆ, ಇಳಿಯದೆ ಸಮವಾಗಿ ಸಾಗುತ್ತದೋ ಅದರ tan ನಿಮಗೆ μk ಕೊಡುತ್ತದೆ.

ಬ್ಲಾಕನ್ನು ಚುಕ್ಕೆಯಾಗಿ ಬರೆಯುವುದು ಎಲ್ಲಿಯವರೆಗೆ ಸರಿ ಎಂಬುದೂ ಈ ಪ್ರಯೋಗದಲ್ಲೇ ಕಾಣುತ್ತದೆ. ಎತ್ತರದ ಬ್ಲಾಕನ್ನು ನಿಲ್ಲಿಸಿ ಹಲಗೆ ಎತ್ತಿದರೆ ಅದು ಜಾರುವ ಬದಲು ಮುಗುಚಬಹುದು. ಘರ್ಷಣೆ ತಳದಲ್ಲಿ, ತೂಕ ನಡುವಿನಲ್ಲಿ. ಇವು ತಿರುಗಿಸದಂತೆ ತಡೆಯಲು N ಬಾಣ ತಳದ ನಡುವಿನಿಂದ ಇಳಿಜಾರಿನ ಕೆಳಬದಿಗೆ ಸರಿಯುತ್ತದೆ. ಸಮರೂಪದ ಬ್ಲಾಕ್ ಒಂಟಿಯಾಗಿ ನಿಂತಿರುವಾಗ ಸರಿಯುವ ದೂರ (h/2) tanθ. 10 ಸೆಂ.ಮೀ. ಎತ್ತರದ ಬ್ಲಾಕಿಗೆ 20°ಯಲ್ಲಿ ಅದು 1.8 ಸೆಂ.ಮೀ. ಇಳಿಜಾರಿನ ಗುಂಟ ತಳದ ಉದ್ದ 3 ಸೆಂ.ಮೀ. ಮಾತ್ರ ಇದ್ದರೆ N ನಿಲ್ಲಲು ಅಲ್ಲಿ ತಳವೇ ಇಲ್ಲ, 20°ಗೆ ಮೊದಲೇ ಬ್ಲಾಕ್ ಉರುಳಿರುತ್ತದೆ. ಅಂಥ ಬ್ಲಾಕನ್ನು ಮಲಗಿಸಿ ಇಟ್ಟು ಅಳೆಯಿರಿ.